ಸಿಮೆಂಟ್ 60 ಕೆಜಿ ಕಮ್ಮಿ ಮಾಡಿದ್ರೆ ಉಸುಕು ಎಷ್ಟು ತೆಗೀಬೇಕು?

ಪ್ರಶ್ನೆ: ಸರ್, ಕಾರವಾರ ಕೋಡಿಬಾಗದಲ್ಲಿ ಮನೆ ಕಟ್ಟಿಸ್ತಿದೀವಿ, ಸಮುದ್ರ ಒಂದು 400 ಮೀಟರ್ ದೂರ. ಇಂಜಿನಿಯರ್ ಕೊಟ್ಟ ಎಂ30 ಮಿಕ್ಸ್‌ನಲ್ಲಿ ಒಂದು ಕ್ಯೂಬಿಕ್ ಮೀಟರ್‌ಗೆ ಒಪಿಸಿ ಸಿಮೆಂಟ್ 360 ಕೆಜಿ, ನೀರು 158, ಉಸುಕು 697, ಜಲ್ಲಿ 1219, ಅಡ್ಮಿಕ್ಸ್ಚರ್ 3.6 ಅಂತ ಇದೆ. ಈಗ ರೆಡಿಮಿಕ್ಸ್ ಪ್ಲಾಂಟ್‌ನವರು ಸಿಮೆಂಟ್‌ನಲ್ಲಿ 25% ಫ್ಲೈ ಆಶ್ ಇಲ್ಲಾ 50% ಸ್ಲ್ಯಾಗ್ ಹಾಕಿ ಕೊಡ್ತೀವಿ, ಬಾಕಿ ಎಲ್ಲ ಸೇಮ್ ಅಂತಿದಾರೆ. ಬಾಕಿ ಎಲ್ಲ ಸೇಮ್ ಇಟ್ರೆ ನಡೀತದಾ?

ಉತ್ತರ:

ನಡಿಯಲ್ಲ. ಫ್ಲೈ ಆಶ್ ಅಂದ್ರೆ ಕಲ್ಲಿದ್ದಲ ಬೂದಿ, ಸ್ಲ್ಯಾಗ್ ಅಂದ್ರೆ ಉಕ್ಕಿನ ಕಾರ್ಖಾನೆಯ ಪುಡಿ, ಇವನ್ನ ಹಾಕೋದು ತಪ್ಪಲ್ಲ, ನಿಮ್ಮ ಜಾಗಕ್ಕೆ ಹಾಕ್ಲೇಬೇಕು ಅಂತಾನೇ ನಾನು ಹೇಳ್ತೇನೆ, ಆದ್ರೆ "ಬಾಕಿ ಎಲ್ಲ ಸೇಮ್" ಅನ್ನೋ ಮಾತಲ್ಲೇ ಎಡವಟ್ಟು ಇರೋದು. ಸಿಮೆಂಟು, ಬೂದಿ ಸೇರಿ ಒಟ್ಟು ತೂಕ ಸ್ವಲ್ಪ ಏರ್ಬೇಕು, ಅದಕ್ಕೆ ಸರಿಯಾಗಿ ಉಸುಕು-ಜಲ್ಲಿ ಇಳೀಬೇಕು, ಆಮೇಲೆ ಸೆಂಟ್ರಿಂಗ್ ಬಿಚ್ಚೋ ದಿನ ಮುಂದಕ್ಕೆ ಹೋಗ್ಬೇಕು.

ಮೊದಲು ಉಸುಕು ಯಾಕೆ ಇಳೀಬೇಕು ಅಂತ ನೋಡುವ. ಕಾಂಕ್ರೀಟ್ ಲೆಕ್ಕ ಬರೆಯೋದು ಕೆಜಿಯಲ್ಲಿ, ಆದ್ರೆ ಅದು ತುಂಬೋದು ಜಾಗ. ಒಂದು ಕ್ಯೂಬಿಕ್ ಮೀಟರ್ ಅಂದ್ರೆ 1000 ಲೀಟರಿನ ಒಂದು ಡಬ್ಬ ಅಂದ್ಕೊಳ್ಳಿ, ಅದರಲ್ಲಿ ಸಿಮೆಂಟು, ನೀರು, ಉಸುಕು, ಜಲ್ಲಿ, ಒಂದಿಷ್ಟು ಗಾಳಿ ಎಲ್ಲ ಸೇರಿ ಸರಿಯಾಗಿ 1000 ಲೀಟರೇ ಆಗ್ಬೇಕು. ಬೂದಿ ಬೆರೆಸದ ಒಪಿಸಿ ಸಿಮೆಂಟಿನ ಸ್ಪೆಸಿಫಿಕ್ ಗ್ರಾವಿಟಿ, ಅಂದ್ರೆ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನೋದು, 3.15, ಫ್ಲೈ ಆಶ್‌ದು ಸುಮಾರು 2.2, ಸ್ಲ್ಯಾಗ್‌ದು 2.9 ಆಸುಪಾಸು. ಅಂದ್ರೆ 90 ಕೆಜಿ ಸಿಮೆಂಟ್ ತೆಗೆದ್ರೆ ಖಾಲಿ ಆಗೋದು 28.6 ಲೀಟರ್ ಜಾಗ, ಆದ್ರೆ ಅದೇ 90 ಕೆಜಿ ಫ್ಲೈ ಆಶ್ ಹಾಕಿದ್ರೆ ಅದು ಕೂರೋದಕ್ಕೆ 41 ಲೀಟರ್ ಬೇಕು. 12 ಲೀಟರ್ ಜಾಸ್ತಿ ಆಯ್ತಲ್ಲ, ಅದು ಡಬ್ಬದಿಂದ ಹೊರಗೆ ಚೆಲ್ಲಿತು. ಸ್ಲ್ಯಾಗ್ ಸಿಮೆಂಟಿಗೆ ಹತ್ರದ ತೂಕದ್ದು, ಅದಕ್ಕೇ 180 ಕೆಜಿ ಬದಲಾಯಿಸಿದ್ರೂ ಬರೀ 5 ಲೀಟರ್ ವ್ಯತ್ಯಾಸ.

12 ಲೀಟರ್ ಅಂದ್ರೆ ಶೇಕಡಾ ಒಂದೂ ಚಿಲ್ಲರೆ, ಅಷ್ಟಕ್ಕೆ ಯಾಕೆ ತಲೆ ಕೆಡಿಸ್ಕೊಳ್ಳೋದು ಅಂತ ನೀವು ಕೇಳ್ಬಹುದು, ನ್ಯಾಯವೇ. ಬರೀ ಅಷ್ಟೇ ಆಗಿದ್ರೆ ನಾನೂ ಬಿಡ್ತಿದ್ದೆ. ನಿಜವಾದ ತೊಂದ್ರೆ ಸ್ಟ್ರೆಂತ್‌ದು. ಫ್ಲೈ ಆಶ್ ತಾನಾಗೇ ಅಂಟಲ್ಲ. ಸಿಮೆಂಟು ನೀರಿನ ಜೊತೆ ಸೇರಿ ಗಟ್ಟಿಯಾಗುವಾಗ ಪಕ್ಕದಲ್ಲಿ ಸುಣ್ಣ ಬಿಡುಗಡೆ ಆಗ್ತದೆ, ಆ ಸುಣ್ಣ ಹಿಡ್ಕೊಂಡು ಬೂದಿ ನಿಧಾನಕ್ಕೆ ಎರಡನೇ ಸುತ್ತಿನ ಅಂಟು ತಯಾರು ಮಾಡ್ತದೆ. ಆ ಕೆಲಸ ವಾರಗಟ್ಲೆ, ತಿಂಗಳುಗಟ್ಲೆ ನಡೀತದೆ. ಹಾಗಾಗಿ 360ರಲ್ಲಿ 90 ಕೆಜಿ ತೆಗೆದು 90 ಕೆಜಿ ಬೂದಿ ಹಾಕಿ ಬಾಕಿ ಹಾಗೇ ಬಿಟ್ರೆ 28 ದಿನಕ್ಕೆ ಒಡೆಸಿ ನೋಡೋ ಟೆಸ್ಟ್ ಕ್ಯೂಬಿನ ಸ್ಟ್ರೆಂತ್ ಮೊದಲಿನಷ್ಟು ಬರಲ್ಲ. ಎಂ30ಗೆ ಟಾರ್ಗೆಟ್ ಚದರ ಎಂಎಂಗೆ 38.25 ನ್ಯೂಟನ್ ಇದೆ, ಅದು 30 ಪ್ಲಸ್ 1.65 ಇಂಟು 5, ಆ 5 ಬ್ಯಾಚಿಂದ ಬ್ಯಾಚಿಗೆ ಬರೋ ಏರುಪೇರಿಗೆ ಹಿಡಿದದ್ದು. ಅಲ್ಲಿಗೆ ಮುಟ್ಟಬೇಕು ಅಂದ್ರೆ ಒಟ್ಟು ಪುಡಿ, ಅಂದ್ರೆ ಸಿಮೆಂಟು ಮತ್ತೆ ಬೂದಿ, ಏರಿಸಿ ನೀರನ್ನ ಅಲ್ಲೇ ಹಿಡೀಬೇಕು, ಆಗ ನೀರಿಗೂ ಪುಡಿಗೂ ಇರೋ ಅನುಪಾತ ಇಳೀತದೆ, ಕಳಕೊಂಡ ಸ್ಟ್ರೆಂತ್ ವಾಪಸ್ ಬರ್ತದೆ. ಐಎಸ್ 10262 ಪ್ರಕಾರ ಡಿಸೈನ್ ಮಾಡೋರು ಫ್ಲೈ ಆಶ್‌ಗೆ ಸಾಮಾನ್ಯವಾಗಿ ಒಟ್ಟು ಶೇಕಡಾ 10 ಏರಿಸಿ ಶುರು ಮಾಡ್ತಾರೆ. ನಾನೂ ಹಾಗೇ ಮಾಡ್ತೇನೆ.

ನಿಮ್ಮ ಲೆಕ್ಕ ಈಗ ಮಾಡುವ. 360ಕ್ಕೆ ಶೇಕಡಾ 10 ಸೇರಿಸಿದ್ರೆ 396, ನಾನು 400 ಅಂತ ತಗೋತೇನೆ, ಪ್ಲಾಂಟಲ್ಲಿ ಹುಡುಗರಿಗೂ ಸುಲಭ. ಅದರ ಕಾಲು ಭಾಗ ಬೂದಿ, ಅಂದ್ರೆ ಸಿಮೆಂಟ್ 300, ಫ್ಲೈ ಆಶ್ 100. ನೀರು ಅದೇ 158. ಅನುಪಾತ 0.44 ಇದ್ದಿದ್ದು 0.395ಕ್ಕೆ ಬಂತು. ನೀರು ಏರಿಸದೆ ಮಾಲು ಸಡಿಲ ಮಾಡೋ ಅಡ್ಮಿಕ್ಸ್ಚರ್ ಒಟ್ಟು ಪುಡಿಯ ಶೇಕಡಾ 1 ಅಂತ ಇದ್ದಿದ್ರಿಂದ ಅದು 4 ಕೆಜಿ. ಈಗ ಜಾಗದ ಲೆಕ್ಕ, ಕೆಜಿಯನ್ನ ಸ್ಪೆಸಿಫಿಕ್ ಗ್ರಾವಿಟಿಯಿಂದ ಭಾಗಿಸಿದ್ರೆ ಲೀಟರ್ ಸಿಗ್ತದೆ, ಅಷ್ಟೇ:

```
ಸಿಮೆಂಟ್      300 / 3.15  =  95.2 ಲೀ
ಫ್ಲೈ ಆಶ್     100 / 2.20  =  45.5 ಲೀ
ನೀರು         158 / 1.00  = 158.0 ಲೀ
ಅಡ್ಮಿಕ್ಸ್ಚರ್     4 / 1.145 =   3.5 ಲೀ
ಗಾಳಿ (1%)                =  10.0 ಲೀ
ಒಟ್ಟು                     = 312.2 ಲೀ
ಉಸುಕು + ಜಲ್ಲಿಗೆ ಉಳಿದದ್ದು     = 687.8 ಲೀ
```

ನಿಮ್ಮ ಹಳೇ ಮಿಕ್ಸಲ್ಲಿ ಇದೇ ಲೆಕ್ಕ ಮಾಡಿದ್ರೆ ಉಸುಕು-ಜಲ್ಲಿಗೆ 714.6 ಲೀಟರ್ ಇತ್ತು. ಅಂದ್ರೆ ಸುಮಾರು 27 ಲೀಟರ್ ಜಾಗ ಬಿಟ್ಟು ಕೊಡ್ಬೇಕು. ಇದನ್ನ ಉಸುಕು, ಜಲ್ಲಿ ಮಧ್ಯೆ ಹೇಗೆ ಹಂಚೋದು ಅಂದ್ರೆ, 20 ಎಂಎಂ ಜಲ್ಲಿ ಮತ್ತೆ ಝೋನ್ 2 ಉಸುಕಿಗೆ ಅನುಪಾತ 0.50 ಇದ್ದಾಗ ಜಲ್ಲಿಯ ಪಾಲು 0.62, ಅನುಪಾತ 0.05 ಇಳಿದ ಹಾಗೆ ಜಲ್ಲಿ ಪಾಲು 0.01 ಏರ್ತದೆ. 0.395ಕ್ಕೆ ಅದು 0.641 ಆಯ್ತು. ಕಾರಣ ಸೀದಾ ಇದೆ, ಪುಡಿ ಜಾಸ್ತಿ ಆದಾಗ ಉಸುಕಿನ ಕೆಲಸ ಸ್ವಲ್ಪ ಪುಡಿಯೇ ಮಾಡ್ತದೆ, ಹಾಗಾಗಿ ಉಸುಕೇ ಜಾಸ್ತಿ ಕಮ್ಮಿ ಆಗ್ಬೇಕು. ಜಲ್ಲಿಯ ಸ್ಪೆಸಿಫಿಕ್ ಗ್ರಾವಿಟಿ 2.70, ಉಸುಕಿಂದು 2.65 ಅಂತ ಹಿಡಿದ್ರೆ ಜಲ್ಲಿ 1190 ಕೆಜಿ, ಉಸುಕು 654 ಕೆಜಿ. (ನಿಮ್ಮ ಇಂಜಿನಿಯರೂ ಇವೇ ಸಂಖ್ಯೆ ಹಿಡಿದಿದಾರೆ, ಹಿಂದಿನಿಂದ ಲೆಕ್ಕ ಹಾಕಿದ್ರೆ ಕರೆಕ್ಟಾಗಿ 697, 1219 ಬರ್ತದೆ.)

ಹಾಗಾಗಿ ಸಿಮೆಂಟ್ 60 ಕೆಜಿ ಉಳೀತು, ಉಸುಕು 43 ಕೆಜಿ ಇಳೀತು, ಜಲ್ಲಿ 29 ಕೆಜಿ ಇಳೀತು. ಒಂದು ವೇಳೆ ಪ್ಲಾಂಟಲ್ಲಿ 300 ಮತ್ತೆ 100 ಹಾಕಿ ಉಸುಕು-ಜಲ್ಲಿ ಹಳೇದೇ ಬಿಟ್ರೆ? ಒಂದು ಕ್ಯೂಬಿಕ್ ಮೀಟರ್ ಅಂತ ಬ್ಯಾಚ್ ಮಾಡಿದ್ದು 1.027 ಆಗ್ತದೆ, ಅದರಲ್ಲಿ ಒಂದು ಕ್ಯೂಬಿಕ್ ಮೀಟರ್‌ಗೆ ನಿಜವಾಗಿ ಇರೋ ಸಿಮೆಂಟ್ 292 ಕೆಜಿ ಮಾತ್ರ. ಮೇಲಿಂದ ಉಸುಕು ಜಾಸ್ತಿಯಾಗಿ ಮಾಲು ಗಮ್ ತರ ಅಂಟಂಟು ಆಗ್ತದೆ, ಸೈಟಲ್ಲಿ "ಬಿಗಿ ಇದೆ ಸ್ವಲ್ಪ ನೀರು ಬಿಡ್ರಿ" ಅಂತ ಯಾರೋ ಪೈಪ್ ತಿರುಗಿಸ್ತಾರೆ. ಅಲ್ಲಿಗೆ ಡಿಸೈನ್ ಕಥೆ ಮುಗೀತು.

ಬಿಐಎಸ್ ಕನಿಷ್ಠ ಸಿಮೆಂಟ್ ಇಷ್ಟಿರ್ಬೇಕು ಅಂತದಲ್ಲ, 300 ಆದ್ರೆ ಕಮ್ಮಿ ಆಗಲ್ವಾ ಅಂತ ನಿಮ್ಮ ಇಂಜಿನಿಯರ್ ಕೇಳ್ಬಹುದು. ಐಎಸ್ 456ರಲ್ಲಿ ಕರಾವಳಿ ಗಾಳಿಗೆ ತೆರೆದ ಕಾಂಕ್ರೀಟು ಸಿವಿಯರ್ ಅನ್ನೋ ವರ್ಗಕ್ಕೆ ಬರ್ತದೆ, ಅದಕ್ಕೆ ಕನಿಷ್ಠ ಎಂ30, ಕನಿಷ್ಠ 320 ಕೆಜಿ, ಅನುಪಾತ 0.45 ದಾಟಬಾರದು. ಆ 320ರಲ್ಲಿ ಬೂದಿ, ಸ್ಲ್ಯಾಗ್ ಸೇರಿಸಿ ಲೆಕ್ಕ ಮಾಡ್ಲಿಕ್ಕೆ ಕೋಡ್ ಒಪ್ತದೆ, ಆದ್ರೆ ಫ್ಲೈ ಆಶ್ ಶೇಕಡಾ 35, ಸ್ಲ್ಯಾಗ್ ಶೇಕಡಾ 70 ದಾಟಬಾರದು. ಹಾಗಾಗಿ ನಿಮ್ಮದು 400 ಅಂತಲೇ ಲೆಕ್ಕ. ಕವರ್, ಅಂದ್ರೆ ಸರಳಿನ ಹೊರಗಿನ ಕಾಂಕ್ರೀಟ್ ಪದರ, 45 ಎಂಎಂ ಇದೆಯಾ ಅಂತ ಡ್ರಾಯಿಂಗಲ್ಲಿ ಒಮ್ಮೆ ನೋಡ್ಕೊಳ್ಳಿ, ಕವರ್ 20 ಇಟ್ಟು ಸ್ಲ್ಯಾಗ್ ಹಾಕಿದ್ರೆ ಬಾಗಿಲು ತೆಗೆದಿಟ್ಟು ಕಿಟಕಿಗೆ ಬೀಗ ಹಾಕಿದ ಹಾಗೆ.

ಈಗ ಸ್ಲ್ಯಾಗ್. ತೋರಣಗಲ್ಲು ಕಡೆಯ ಉಕ್ಕಿನ ಕಾರ್ಖಾನೆಯಿಂದ ಬರೋ ಮಾಲು ನಮ್ಮ ಕಡೆಗೂ ಸಿಗ್ತದೆ. ಬ್ಲಾಸ್ಟ್ ಫರ್ನೇಸಿಂದ ಬಂದ ಕರಗಿದ ಸ್ಲ್ಯಾಗನ್ನ ನೀರಲ್ಲಿ ತಟ್ಟನೆ ತಣಿಸಿ, ಹರಳು ಹರಳಾದ್ದನ್ನ ನುಣ್ಣಗೆ ಅರೆದದ್ದು ಇದು, ಪ್ಲಾಂಟಲ್ಲಿ ಜಿಜಿಬಿಎಸ್ ಅಂತಾರೆ. ಇದು ಫ್ಲೈ ಆಶ್ ತರ ಪೂರ್ತಿ ಪರಾವಲಂಬಿ ಅಲ್ಲ, ಸಿಮೆಂಟು ಒಂದು ಕಿಡಿ ಹಚ್ಚಿದ್ರೆ ಸಾಕು, ತಾನೂ ಅಂಟಾಗ್ತದೆ. ಅದಕ್ಕೇ ಅರ್ಧಕ್ಕರ್ಧ ಬದಲಾಯಿಸಬಹುದು, ಒಟ್ಟು ತೂಕಾನೂ ಅಷ್ಟು ಏರಿಸಬೇಕಿಲ್ಲ. ನಾನು ನಿಮಗೆ 380 ಹೇಳ್ತೇನೆ, ಸಿಮೆಂಟ್ 190, ಸ್ಲ್ಯಾಗ್ 190, ನೀರು 158, ಅನುಪಾತ 0.416. ಮೇಲಿನ ಹಾಗೇ ಲೆಕ್ಕ ಮಾಡಿದ್ರೆ ಪುಡಿಗೆ 125.8 ಲೀಟರ್ ಹೋಗಿ ಉಸುಕು-ಜಲ್ಲಿಗೆ 702.8 ಲೀಟರ್ ಉಳೀತದೆ, ಜಲ್ಲಿ ಪಾಲು 0.637. ಜಲ್ಲಿ 1209, ಉಸುಕು 676, ಅಡ್ಮಿಕ್ಸ್ಚರ್ 3.8.

ಎರಡ್ರಲ್ಲಿ ಯಾವುದು ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೇನೆ. ಕೋಡಿಬಾಗದಲ್ಲಿ ನನ್ನ ಸ್ವಂತ ಮನೆ ಆಗಿದ್ರೆ ಫುಟಿಂಗ್, ಕಾಲಮ್, ಹೊರಗಿನ ಬೀಮಿಗೆ ಸ್ಲ್ಯಾಗೇ ಹಾಕ್ತಿದ್ದೆ. ಅಲ್ಲಿ ಕಬ್ಬಿಣ ತಿನ್ನೋದು ಉಪ್ಪು. ಗಾಳಿಯಲ್ಲಿ ಬಂದ ಉಪ್ಪು ಮಳೆನೀರಲ್ಲಿ ಕರಗಿ ಕಾಂಕ್ರೀಟಿನ ಸಣ್ಣ ಸಣ್ಣ ರಂಧ್ರದೊಳಗೆ ಇಳಿದು, ಒಂದಿನ ಸರಳಿಗೆ ಮುಟ್ಟಿದ್ರೆ ತುಕ್ಕು ಶುರು, ತುಕ್ಕು ಉಬ್ಬಿ ಕಾಂಕ್ರೀಟ್ ಸೀಳಿ ಬೀಳ್ತದೆ. ಸ್ಲ್ಯಾಗ್ ಎರಡು ಕೆಲಸ ಮಾಡ್ತದೆ, ರಂಧ್ರಗಳನ್ನ ಕಿರಿದು ಮಾಡ್ತದೆ, ಜೊತೆಗೆ ಒಳಬಂದ ಕ್ಲೋರೈಡನ್ನ ಒಂದಿಷ್ಟು ತನ್ನಲ್ಲೇ ಕಟ್ಟಿ ಹಾಕ್ತದೆ. ಫ್ಲೈ ಆಶ್ ಕೂಡ ರಂಧ್ರ ಮುಚ್ಚೋ ಕೆಲಸ ಮಾಡ್ತದೆ, ಆದ್ರೆ ಅದಕ್ಕೆ ಟೈಮ್ ಬೇಕು. ಪಡುಬಿದ್ರಿ ಹತ್ರದ ಥರ್ಮಲ್ ಪ್ಲಾಂಟ್ ಹೈವೇಗೆ ಹತ್ರ ಇರೋದ್ರಿಂದ ಬೂದಿ ತರಿಸೋದು ಸುಲಭ, ಒಳಗಿನ ಸ್ಲ್ಯಾಬಿಗೆಲ್ಲ ಅದು ಆರಾಮ ಸಾಕು.

ಬೂದಿ ತಗೊಂಡ್ರೆ ಒಂದು ನೋಡಿ. ಥರ್ಮಲ್ ಪ್ಲಾಂಟಲ್ಲಿ ಹೊಗೆಯಿಂದ ಹಿಡಿದ ಒಣ ನುಣ್ಣನೆ ಬೂದಿ ಬೇರೆ, ಕೊಳದಲ್ಲಿ ಸುರಿದ ಒದ್ದೆ ಬೂದಿ ಬೇರೆ. ಎರಡನೇದು ಇಟ್ಟಿಗೆಗೆ, ಭರ್ತಿಗೆ ಸರಿ, ಸಿಮೆಂಟಿನ ಬದಲಿಗೆ ಅಲ್ಲ. ಐಎಸ್ 3812 ಭಾಗ 1ರ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಅದರಲ್ಲಿ ಎರಡು ಸಾಲು ಸಾಕು, 45 ಮೈಕ್ರಾನ್ ಜರಡಿ ಮೇಲೆ ಉಳಿದದ್ದು ಶೇಕಡಾ 34 ದಾಟಬಾರದು, ಲಾಸ್ ಆನ್ ಇಗ್ನಿಷನ್ ಶೇಕಡಾ 5 ದಾಟಬಾರದು. ಎರಡನೇದು ಅಂದ್ರೆ ಸುಡದೆ ಉಳಿದ ಕಲ್ಲಿದ್ದಲು. ಅದು ಜಾಸ್ತಿ ಇದ್ರೆ ಅಡ್ಮಿಕ್ಸ್ಚರನ್ನ ಕುಡಿದು ಬಿಡ್ತದೆ, ಸ್ಲಂಪ್, ಅಂದ್ರೆ ಮಾಲು ಎಷ್ಟು ಸಡಿಲ ಅನ್ನೋ ಅಳತೆ, ಪ್ಲಾಂಟಲ್ಲಿ 120 ಎಂಎಂ ಇದ್ದದ್ದು ಸೈಟಿಗೆ ಬರೋಷ್ಟರಲ್ಲಿ 50. ಕಣ್ಣಿಗೂ ಗೊತ್ತಾಗ್ತದೆ, ಒಂದು ಗಾಜಿನ ಲೋಟದಲ್ಲಿ ನೀರು ತಗೊಂಡು ಒಂದು ಚಮಚ ಬೂದಿ ಹಾಕಿ ಕದಡಿ ಬಿಡಿ, ಮೇಲೆ ಕರಿ ಮಸಿ ಪದರ ತೇಲಿದ್ರೆ ಅನುಮಾನ ಪಡಿ. ಇದು ಟೆಸ್ಟ್ ಅಲ್ಲ, ಬರೀ ಸೂಚನೆ, ಆದ್ರೆ ನನಗೆ ಸುಮಾರು ಸಲ ಕೆಲಸಕ್ಕೆ ಬಂದಿದೆ.

ಇನ್ನು ನಿಮ್ಮ ಕಾಗದದಲ್ಲಿ ಒಪಿಸಿ ಅಂತಿದೆ, ಬಹಳ ಒಳ್ಳೇದು, ಅದನ್ನ ಗಟ್ಟಿ ಹಿಡ್ಕೊಳ್ಳಿ. ನಾನು ನೋಡಿದ ಅತಿ ದೊಡ್ಡ ತಪ್ಪು ಇಲ್ಲೇ ಆಗಿದ್ದು. ಅಂಕೋಲಾ ಕಡೆ ಒಂದು ಮನೆ, ಸೈಟಲ್ಲೇ ಮಿಕ್ಸರ್ ಇಟ್ಟು ಕೆಲಸ. ಮೇಸ್ತ್ರಿ ಎಲ್ಲೋ ಕೇಳಿ ಬಂದು "ಕಾಲು ಭಾಗ ಬೂದಿ ಹಾಕಿದ್ರೆ ಕಾಂಕ್ರೀಟು ಗಟ್ಟಿ" ಅಂತ ಶುರು ಮಾಡಿದ, ಆದ್ರೆ ಅಂಗಡಿಯಿಂದ ಬರ್ತಿದ್ದ ಚೀಲ ಪಿಪಿಸಿ. ಪಿಪಿಸಿ ಅಂದ್ರೆ ಫ್ಯಾಕ್ಟರಿಯಲ್ಲೇ ಶೇಕಡಾ 15ರಿಂದ 35 ಬೂದಿ ಸೇರಿಸಿ ಬಂದ ಸಿಮೆಂಟು. ಅದರಲ್ಲಿ ಮೊದಲೇ ಶೇಕಡಾ 30 ಇತ್ತು ಅಂದ್ಕೊಳ್ಳಿ, 270 ಕೆಜಿ ಪಿಪಿಸಿಯಲ್ಲಿ 81 ಕೆಜಿ ಬೂದಿ, ಮೇಲಿಂದ ಈತ ಹಾಕಿದ್ದು 90, ಒಟ್ಟು 171, ಅಂದ್ರೆ 360ರಲ್ಲಿ ಶೇಕಡಾ 47ಕ್ಕೂ ಮಿಕ್ಕಿ ಬೂದಿ. ಸಾಲದ್ದಕ್ಕೆ ಅಳತೆ ಮಾಡಿದ್ದು ಫರ್ಮಾದಲ್ಲಿ. 35 ಲೀಟರಿನ ಫರ್ಮಾದಲ್ಲಿ ಸಿಮೆಂಟು 50 ಕೆಜಿ ಹಿಡೀತದೆ, ಬೂದಿ 30-35 ಕೆಜಿ ಅಷ್ಟೇ, ಅದೂ ಎಷ್ಟು ಕುಲುಕಿದಾರೆ ಅನ್ನೋದ್ರ ಮೇಲೆ. ಹಾಗಾಗಿ ಒಂದೊಂದು ಬ್ಯಾಚ್ ಒಂದೊಂದು ತರ. ಮೂರನೇ ದಿನ ಹೋಗಿ ನೋಡಿದ್ರೆ ಸ್ಲ್ಯಾಬ್ ಮೇಲೆ ಮೊಳೆಯಿಂದ ಗೀರಿದ್ರೆ ಸೀಮೆಸುಣ್ಣದ ಹಾಗೆ ಪುಡಿ ಏಳ್ತಿತ್ತು. ಸೆಂಟ್ರಿಂಗ್ ಒಂದು ತಿಂಗಳು ಬಿಚ್ಚಬೇಡಿ ಅಂತ ಹೇಳಿ, ಗೋಣಿ ಹೊದಿಸಿ ನೀರು ಹಾಕಿಸಿ, ಆಮೇಲೆ ಕೋರ್ ತೆಗೆದು ಟೆಸ್ಟ್ ಮಾಡಿ ಹೇಗೋ ಉಳಿಸಿದ್ವಿ. ಪಿಪಿಸಿ ಚೀಲದ ಮೇಲೆ ಬೂದಿ ಶೇಕಡಾ ಎಷ್ಟು ಅಂತ ಪ್ರಿಂಟ್ ಆಗಿರ್ತದೆ, ಯಾರೂ ಓದಲ್ಲ. ನಿಮ್ಮ ಪ್ಲಾಂಟಿನ ಸೈಲೋದಲ್ಲಿ ಒಪಿಸಿಯೇ ಇದೆಯಾ ಅಂತ ಬಿಲ್ ನೋಡಿ ಖಾತ್ರಿ ಮಾಡ್ಕೊಳ್ಳಿ.

ಈಗ ನಮ್ಮ ಊರಿನ ಪಕ್ಕಾ ಸಮಸ್ಯೆ, ಒದ್ದೆ ಉಸುಕು. ಮೇಲೆ ಕೊಟ್ಟ 654, 1190 ಎಲ್ಲ ಉಸುಕು-ಜಲ್ಲಿ ಒಳಗೆ ನೀರು ಕುಡಿದು ಹೊರಮೈ ಒಣಗಿದ ಸ್ಥಿತಿಗೆ ಹಾಕಿದ ಲೆಕ್ಕ. ಜೂನ್ ಆದ್ಮೇಲೆ ಕಾರವಾರದಲ್ಲಿ ಆ ತರದ ಉಸುಕು ಎಲ್ಲಿ ಸಿಗ್ತದೆ ಮಾರಾಯ್ರೆ. ಉಸುಕಲ್ಲಿ ಮೇಲ್ಮೈ ನೀರು ಶೇಕಡಾ 5, ಜಲ್ಲಿಯಲ್ಲಿ 1 ಅಂದ್ಕೊಳ್ಳಿ, ಇದು ಮಳೆಗಾಲಕ್ಕೆ ಜಾಸ್ತಿ ಏನಲ್ಲ. ಆಗ ಉಸುಕು 687 ಕೆಜಿ ತೂಗಬೇಕು, ಜಲ್ಲಿ 1202, ಅವೆರಡರ ಜೊತೆ ಬಂದ ನೀರು 33 ಮತ್ತೆ 12 ಸೇರಿ 45 ಲೀಟರ್, ಹಾಗಾಗಿ ಮೀಟರಿಂದ ಬಿಡಬೇಕಾದ್ದು 113 ಲೀಟರ್ ಮಾತ್ರ. ಈ ತಿದ್ದುಪಡಿ ಮಾಡದೆ 654, 1190, 158 ಅಂತ ಹಾಗೇ ಒತ್ತಿದ್ರೆ ಒಳಗೆ ಹೋದ ನೀರು ಸುಮಾರು 201 ಲೀಟರ್, ಅನುಪಾತ 0.50. ಕಾಗದದಲ್ಲಿ 0.395, ಸ್ಲ್ಯಾಬಲ್ಲಿ 0.50. ಬೂದಿ ಹಾಕಿ ಏನು ಗಳಿಸಿದ್ವೋ ಅದೆಲ್ಲ ಆ 43 ಲೀಟರಲ್ಲಿ ಕೊಚ್ಚಿ ಹೋಯ್ತು, ಆಮೇಲೆ ಕ್ಯೂಬ್ ಫೇಲ್ ಆದ್ರೆ ಬೈಯೋದು ಮಾತ್ರ ಬೂದಿಗೆ.

ಇದನ್ನ ಹಿಡಿಯೋದಕ್ಕೆ ಲ್ಯಾಬ್ ಬೇಡ, ಒಂದು ಕ್ಯೂಬ್ ಮೋಲ್ಡು, ಒಂದು ಡಿಜಿಟಲ್ ತಕ್ಕಡಿ ಸಾಕು. 150 ಎಂಎಂ ಮೋಲ್ಡಿನ ಒಳಗೆ 3.375 ಲೀಟರ್ ಹಿಡೀತದೆ. ಖಾಲಿ ಮೋಲ್ಡ್ ತೂಗಿ, ಆಮೇಲೆ ಮೂರು ಪದರದಲ್ಲಿ ಚೆನ್ನಾಗಿ ಕುಟ್ಟಿ ತುಂಬಿ, ಮೇಲೆ ಸಮ ಮಾಡಿ, ಹೊರಗಿನ ಮಾಲು ಒರೆಸಿ ಮತ್ತೆ ತೂಗಿ. ನಿಮ್ಮ ಫ್ಲೈ ಆಶ್ ಮಿಕ್ಸಿನ ಎಲ್ಲ ತೂಕ ಕೂಡಿದ್ರೆ 2406 ಕೆಜಿ, ಅಂದ್ರೆ ಮೋಲ್ಡಲ್ಲಿ 8.12 ಕೆಜಿ ಬರ್ಬೇಕು. ಸ್ಲ್ಯಾಗ್ ಮಿಕ್ಸಾದ್ರೆ 8.19, ನಿಮ್ಮ ಹಳೇ ಮಿಕ್ಸಾದ್ರೆ 8.23. ಆ ಮೇಲೆ ಹೇಳಿದ ನೀರು ಜಾಸ್ತಿಯಾದ ಮಾಲು ಬಂದ್ರೆ 7.91ಕ್ಕೆ ಇಳೀತದೆ. 200 ಗ್ರಾಂ ವ್ಯತ್ಯಾಸ ಅಂದ್ರೆ ಸಾದಾ ತಕ್ಕಡಿಯೂ ತೋರಿಸ್ತದೆ. ಲಾರಿ ವಾಪಸ್ ಕಳ್ಸೋಕೆ ಇದೊಂದೇ ಸಾಕ್ಷಿ ಅಂತಲ್ಲ, ಆದ್ರೆ ಸ್ಲಂಪೂ ಜಾಸ್ತಿ, ತೂಕವೂ ಕಮ್ಮಿ ಬಂದ್ರೆ ಬ್ಯಾಚ್ ಸ್ಲಿಪ್ ತೆಗೆಸಿ ಉಸುಕಿನ ತೇವಾಂಶ ಎಷ್ಟು ಹಾಕಿದಾರೆ ಅಂತ ಕೇಳಿ, ಸುಮಾರು ಸಲ ಅಲ್ಲಿ ಸೊನ್ನೆ ಇರ್ತದೆ.

ಉಸುಕಿನ ಮಾತು ಬಂತಲ್ಲ, ಕಾಳಿ ಅಳಿವೆ ಹತ್ರದ ಉಸುಕು ಅಂತ ಯಾರಾದ್ರೂ ಕಮ್ಮಿ ರೇಟಿಗೆ ಕೊಟ್ರೆ ಬೇಡ. ಉಬ್ಬರದಲ್ಲಿ ಉಪ್ಪುನೀರು ಹೊಳೆ ಒಳಗೆ ಬರ್ತದೆ. ಹೊರಗಿನ ಉಪ್ಪು ತಡೀಲಿಕ್ಕೆ ಸ್ಲ್ಯಾಗ್ ಹಾಕಿ, ಒಳಗಿಂದಾನೇ ಉಪ್ಪು ಸೇರಿಸಿದ್ರೆ ಎಂತಕ್ಕೆ ಬಂತು.

ಕೊನೇದಾಗಿ ದಿನಗಳ ವಿಷಯ, ಇಲ್ಲಿ ನಿಮಗೆ ತಾಳ್ಮೆ ಬೇಕು. ಬರೀ ಒಪಿಸಿ ಕಾಂಕ್ರೀಟು 7 ದಿನಕ್ಕೆ 28ನೇ ದಿನದ ಮೂರನೇ ಎರಡು ಭಾಗದಷ್ಟು ಬರ್ತದೆ. ಅರ್ಧ ಸ್ಲ್ಯಾಗ್ ಇದ್ರೆ 7 ದಿನಕ್ಕೆ ಅರ್ಧ, ಅದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. 7ನೇ ದಿನ ಲ್ಯಾಬಿಂದ 20 ಅಂತ ಬಂದ್ರೆ ಗಾಬರಿ ಬೀಳ್ಬೇಡಿ. 28ಕ್ಕೆ ನೋಡಿ, ಆಗ್ಲಿಲ್ಲ ಅಂದ್ರೆ 56ಕ್ಕೂ ಮೂರು ಕ್ಯೂಬ್ ಎತ್ತಿಟ್ಟಿರಿ. ಆದ್ರೆ ಗಾಬರಿ ಬೀಳ್ಬೇಡಿ ಅಂದೆ ಅಂತ ಸೆಂಟ್ರಿಂಗ್ ಬಿಚ್ಚಬೇಡಿ. ಐಎಸ್ 456ರಲ್ಲಿ 4.5 ಮೀಟರ್ ತನಕದ ಸ್ಲ್ಯಾಬಿಗೆ ಪ್ರಾಪ್ ತೆಗೆಯೋಕೆ 7 ದಿನ, 6 ಮೀಟರ್ ತನಕದ ಬೀಮಿಗೆ 14 ದಿನ ಅಂತಿದೆಯಲ್ಲ, ಅದು ಒಪಿಸಿಗೆ ಹೇಳಿದ್ದು. ಮೇಸ್ತ್ರಿಗಳಿಗೆ ಆ 7 ಮಾತ್ರ ಬಾಯಿಪಾಠ. ನಾನಾದ್ರೆ ನಿಮ್ಮ ಸ್ಲ್ಯಾಬಿಗೆ 14, ಬೀಮಿಗೆ 21 ಇಡಿಸ್ತೇನೆ, ಅದಕ್ಕಿಂತ ಮೊದಲು ಬೇಕೇ ಬೇಕು ಅಂದ್ರೆ ಸ್ಲ್ಯಾಬ್ ಪಕ್ಕದಲ್ಲೇ, ಅದೇ ಗೋಣಿಯ ಅಡಿ ಇಟ್ಟ ಕ್ಯೂಬ್ ಒಡೆಸಿ ನೋಡಿ ಇಂಜಿನಿಯರ್ ಹೇಳಿದ್ಮೇಲೆ. ಲ್ಯಾಬಿನ ನೀರಿನ ತೊಟ್ಟಿಯಲ್ಲಿ ಆರಾಮ ಇದ್ದ ಕ್ಯೂಬ್ ಇದಕ್ಕೆ ಲೆಕ್ಕವಲ್ಲ.

ಕ್ಯೂರಿಂಗ್ ಒಪಿಸಿಗೆ 7 ದಿನ, ಬೂದಿ ಅಥವಾ ಸ್ಲ್ಯಾಗ್ ಇದ್ರೆ ಕನಿಷ್ಠ 10, ಒಣಹವೆ ಸೆಕೆ ಇದ್ರೆ 14. ನಮ್ಮಲ್ಲಿ ಡಿಸೆಂಬರಿಂದ ಮಾರ್ಚ್ ತನಕ ಮಧ್ಯಾಹ್ನದ ಗಾಳಿ ಸ್ಲ್ಯಾಬನ್ನ ಅರ್ಧ ಗಂಟೆಲಿ ಒಣಗಿಸ್ತದೆ, ಹಾಗಾಗಿ ನೀವು 14 ಅಂತಲೇ ಬರ್ಕೊಳ್ಳಿ. ನೀರು ನಿಂತ್ರೆ ಬೂದಿಯ ಕೆಲಸ ಅರ್ಧಕ್ಕೇ ನಿಂತು ಹೋಗ್ತದೆ. ಆಗ ಒಳಗೆ ಉಳಿಯೋದು ನುಣ್ಣನೆ ಧೂಳು, ರಂಧ್ರ ಮುಚ್ಚಿರಲ್ಲ, ಆ ಲೆಕ್ಕದಲ್ಲಿ ಸರಿಯಾಗಿ ಕ್ಯೂರ್ ಮಾಡಿದ ಬರೀ ಒಪಿಸಿಯೇ ಎಷ್ಟೋ ವಾಸಿ. ನಿಮ್ಮಲ್ಲಿ 14 ದಿನ ನೀರು ಹಾಕೋರು ಯಾರೂ ಇಲ್ಲ ಅಂದ್ರೆ ನನಗೆ ಹೇಳಿ, ನಾನು ಸ್ಲ್ಯಾಗ್ 50 ಬಿಟ್ಟು 35ಕ್ಕೆ ಇಳಿಸಿ ಲೆಕ್ಕ ಮಾಡಿ ಕೊಡ್ತೇನೆ.

ಮತ್ತೊಂದು, ಸ್ಲ್ಯಾಗ್ ಹಾಕಿದ್ರೆ ಇದು ಗ್ಯಾರಂಟಿ ಆಗ್ತದೆ ಅಂತ ಮೊದಲೇ ಹೇಳಿ ಬಿಡ್ತೇನೆ. ಕ್ಯೂಬ್ ಒಡೆದಾಗ ಒಳಗೆ ನೀಲಿ-ಹಸಿರು ಬಣ್ಣ ಕಾಣ್ತದೆ. ಕುಮಟಾದಿಂದ ಒಬ್ರು ಅದನ್ನ ನೋಡಿ "ಕಾಂಕ್ರೀಟ್ ಒಳಗೆ ಪಾಚಿ ಹಿಡಿದಿದೆ, ಹೊಳೆ ಉಸುಕು ಹಾಕಿದಾರೆ" ಅಂತ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದ್ರು. ಸ್ಲ್ಯಾಗಲ್ಲಿರೋ ಗಂಧಕದ ಅಂಶದಿಂದ ಬರೋ ಬಣ್ಣ ಅದು, ಗಾಳಿಗೆ ಇಟ್ರೆ ಕೆಲವು ದಿನದಲ್ಲಿ ತಾನಾಗೇ ಬೂದು ಬಣ್ಣಕ್ಕೆ ತಿರುಗ್ತದೆ. ಇನ್ನೊಂದು ರೀತಿ ನೋಡಿದ್ರೆ ಅದು ಒಳ್ಳೇ ಗುರುತು, ಅರ್ಧ ಸ್ಲ್ಯಾಗ್ ಹಾಕಿದೀವಿ ಅಂತ ಹೇಳಿದ ಮಾಲಿನ ಕ್ಯೂಬ್ ಒಡೆದಾಗ ಆ ಬಣ್ಣ ಒಂಚೂರೂ ಕಾಣದಿದ್ರೆ ಆಗ ಪ್ಲಾಂಟಿಗೆ ಫೋನ್ ಮಾಡಿ.

ಪ್ಲಾಂಟಿಗೆ ಈ ಎರಡು ಮಿಕ್ಸ್ ಕೊಟ್ಟು ಮೊದಲು ಟ್ರಯಲ್ ಹಾಕಿಸಿ, ಒಟ್ಟು ಪುಡಿ ನಾನು ಕೊಟ್ಟದ್ದು ಒಂದು, ಅದಕ್ಕಿಂತ 20 ಕೆಜಿ ಕಮ್ಮಿ ಒಂದು, 20 ಜಾಸ್ತಿ ಒಂದು, ನೀರು ಮೂರಕ್ಕೂ 158ರಲ್ಲೇ. ಪುಡಿ ಬದಲಾದ ಹಾಗೆ ಉಸುಕು-ಜಲ್ಲಿ ಲೆಕ್ಕ ಪ್ರತಿಸಲ ಹೊಸದಾಗಿ ಮಾಡ್ಲಿ. ಅವರ ಬೂದಿ, ಸ್ಲ್ಯಾಗ್, ಜಲ್ಲಿಯ ಸ್ಪೆಸಿಫಿಕ್ ಗ್ರಾವಿಟಿ ನಾನು ಹಿಡಿದದ್ದಕ್ಕಿಂತ ಬೇರೆ ಇದ್ರೆ ಆ ಸಂಖ್ಯೆಯನ್ನೇ ಮೇಲಿನ ಲೆಕ್ಕಕ್ಕೆ ಹಾಕಿ. 28 ದಿನದ ರಿಸಲ್ಟ್ ಬಂದು 38.25ರ ಮೇಲೆ ಇದ್ದದ್ದರಲ್ಲಿ ಯಾವುದು ಕಮ್ಮಿ ಪುಡಿದೋ ಅದನ್ನ ಫಿಕ್ಸ್ ಮಾಡಿ. ಫುಟಿಂಗ್ ಗುಂಡಿ ತೋಡೋಕೆ ಇನ್ನೂ ಟೈಮ್ ಇದ್ರೆ ಟ್ರಯಲ್ ಈ ವಾರವೇ ಹಾಕಿಸಿ ಬಿಡಿ, 28 ದಿನ ಅಷ್ಟರೊಳಗೆ ಆಗಿ ಹೋಗ್ತದೆ.